ಅರ್ಧ ಕಟ್ಟಿದ ಸೇತುವೆಯ ಲಾಭ

ಮೂರು ವರ್ಷ ಹಿಡಿಯುವ ಸೇತುವೆಯೊಂದರ ಗುತ್ತಿಗೆ ಎಂದುಕೊಳ್ಳಿ. ಒಪ್ಪಂದದ ಮೊತ್ತ 100 ಕೋಟಿ, ಅಂದಾಜು ವೆಚ್ಚ 80 ಕೋಟಿ. ಕಾಮಗಾರಿ ಮುಗಿಯುವವರೆಗೂ ಆದಾಯ ಶೂನ್ಯ ಎಂದು ಬರೆದರೆ ಮೊದಲ ಎರಡು ವರ್ಷ ಕಂಪನಿ ಸುಮ್ಮನೆ ಕೂತಂತೆ ಕಾಣುತ್ತದೆ. ಅದಕ್ಕೇ ಕೆಲಸ ಸಾಗಿದಷ್ಟು ಆದಾಯ ತೋರಿಸುವ ಕ್ರಮವಿದೆ.

ಸಾಗಿದ್ದನ್ನು ಅಳೆಯುವುದು ಹೇಗೆ? ಹೆಚ್ಚಿನವರು ಖರ್ಚನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಮೊದಲ ವರ್ಷ 20 ಕೋಟಿ ಖರ್ಚಾದರೆ ಕೆಲಸ ಶೇ. 25 ಮುಗಿದಂತೆ, ಆದಾಯ 25 ಕೋಟಿ, ಲಾಭ 5 ಕೋಟಿ. ಸೈಟಿಗೆ ಬಂದರೂ ಇನ್ನೂ ಬಳಸದ ಉಕ್ಕಿನ ರಾಶಿಯನ್ನು ಪ್ರಗತಿಯೆಂದು ಎಣಿಸಿದರೆ ಈ ಲೆಕ್ಕ ಉಬ್ಬುತ್ತದೆ.

ಎರಡನೇ ವರ್ಷ ಬಂಡೆ ಎದುರಾಗಿ ಒಟ್ಟು ಅಂದಾಜು 90 ಕೋಟಿಗೆ ಏರಿತು, ಅಲ್ಲಿಯವರೆಗಿನ ಖರ್ಚು 54 ಕೋಟಿ ಎನ್ನೋಣ. ಪ್ರಗತಿ ಶೇ. 60, ಈವರೆಗಿನ ಆದಾಯ 60 ಕೋಟಿ. ಹಿಂದಿನ 25 ಕೋಟಿ ಕಳೆದರೆ ಈ ವರ್ಷಕ್ಕೆ 35 ಕೋಟಿ. ಖರ್ಚು 34 ಕೋಟಿ. ಲಾಭ ಬರೀ ಒಂದು ಕೋಟಿ!

ಬಂಡೆಯನ್ನು ಮುಚ್ಚಿಟ್ಟು ಹಳೆಯ 80 ಕೋಟಿಯನ್ನೇ ಉಳಿಸಿಕೊಂಡರೆ? ಪ್ರಗತಿ ಶೇ. 67.5 ಆಗಿ, ಈ ವರ್ಷದ ಲಾಭ 8.5 ಕೋಟಿಗೆ ಜಿಗಿಯುತ್ತದೆ. ಜಪಾನಿನ ತೋಷಿಬಾದಲ್ಲಿ ನಡೆದದ್ದೂ ಇದೇ ಬಗೆಯ ಆಟ. ಮೂಲಸೌಕರ್ಯ ಯೋಜನೆಗಳ ಒಟ್ಟು ವೆಚ್ಚವನ್ನು ಕಡಿಮೆ ತೋರಿಸಿದ್ದು 2015ರ ತನಿಖೆಯಲ್ಲಿ ಬಯಲಾಗಿ, ಮುಖ್ಯಸ್ಥ ಹಿಸಾವೊ ತನಾಕಾ ರಾಜೀನಾಮೆ ಕೊಟ್ಟರು.