ಸ್ಕಿಜೋಫ್ರೀನಿಯಾ ರೋಗಿಯ ಆರೈಕೆ ಯೋಜನೆ

ಸ್ಕಿಜೋಫ್ರೀನಿಯಾ (ಛಿದ್ರಮನಸ್ಕತೆ) ರೋಗಿಯ ಆರೈಕೆ ಯೋಜನೆ ಎಂದರೆ ರೋಗಿಯ ತೊಂದರೆಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಸಾಧಿಸಬೇಕಾದ ಗುರಿ, ಕೈಗೊಳ್ಳಬೇಕಾದ ಕ್ರಮ ಮತ್ತು ಫಲಿತಾಂಶವನ್ನು ಅಳೆಯುವ ವಿಧಾನವನ್ನು ಬರೆದಿಡುವ ದಾಖಲೆ. ಮನೋವೈದ್ಯರ ಚಿಕಿತ್ಸೆಗೆ ಪೂರಕವಾಗಿ ಶುಶ್ರೂಷಕರು ಇದನ್ನು ರೋಗಿ ಮತ್ತು ಕುಟುಂಬದವರೊಡನೆ ಸೇರಿ ಸಿದ್ಧಪಡಿಸುತ್ತಾರೆ. ಈ ಲೇಖನವು ಯೋಜನೆಯ ಮೂರು ಭಾಗಗಳನ್ನು ವಿವರಿಸುತ್ತದೆ: ಔಷಧವನ್ನು ತಪ್ಪದೆ ಸೇವಿಸುವುದು, ಇಂದ್ರಿಯಭ್ರಮೆಯ ನಿರ್ವಹಣೆ ಮತ್ತು ಕುಟುಂಬ ಶಿಕ್ಷಣ. ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಔಷಧ ನಿಂತರೆ ಭ್ರಮೆಗಳು ಮರಳುತ್ತವೆ. ಭ್ರಮೆಗಳು ಮರಳಿದಾಗ ರೋಗಿಗೆ ಔಷಧದ ಮೇಲೆಯೇ ಸಂಶಯ ಹುಟ್ಟಬಹುದು. ಎರಡನ್ನೂ ಮೊದಲು ಕಾಣುವವರು ಮನೆಯವರು.

## ಉದಾಹರಣೆಯ ಸಂದರ್ಭ

ವಿವರಣೆಗಾಗಿ ಒಂದು ಕಲ್ಪಿತ ಸಂದರ್ಭವನ್ನು ತೆಗೆದುಕೊಳ್ಳಬಹುದು. ರೋಗಿ 26 ವರ್ಷದ ದರ್ಜಿ. ತಾಯಿ ಮತ್ತು ಅಣ್ಣನೊಂದಿಗೆ ವಾಸ. ರಿಸ್ಪೆರಿಡೋನ್ 2 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಸೇವಿಸುತ್ತಿದ್ದು ಚೇತರಿಸಿಕೊಂಡಿದ್ದ. ಎರಡು ತಿಂಗಳ ಹಿಂದೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಮೊದಲ ತಿಂಗಳು ಏನೂ ಆಗಲಿಲ್ಲ. ನಂತರ ನಿದ್ರೆ ಮೂರು ಗಂಟೆಗೆ ಇಳಿಯಿತು. ನೆರೆಯವರು ತನ್ನ ಬಗ್ಗೆ ಮಾತನಾಡುತ್ತಾರೆಂಬ ಸಂಶಯ ಮೂಡಿತು. ಕೊನೆಗೆ ತನ್ನನ್ನು ಹಂಗಿಸುವ ಗಂಡಸಿನ ದನಿಯೊಂದು ಕೇಳತೊಡಗಿತು.

## ಔಷಧ ಸೇವನೆ

ರೋಗಿ ಔಷಧ ಬಿಡುವುದನ್ನು ಹಟಮಾರಿತನವೆಂದು ಭಾವಿಸದೆ, ಅದರ ಕಾರಣವನ್ನು ಹುಡುಕುವುದು ಯೋಜನೆಯ ಮೊದಲ ಹೆಜ್ಜೆ. "ಮಾತ್ರೆ ತೆಗೆದುಕೊಳ್ಳುತ್ತೀರಾ?" ಎಂಬ ಪ್ರಶ್ನೆಗೆ ಬಹುತೇಕ "ಹೌದು" ಎಂಬ ಉತ್ತರವೇ ಬರುತ್ತದೆ. "ಕಳೆದ ವಾರದಲ್ಲಿ ಎಷ್ಟು ದಿನ ತಪ್ಪಿತು? ಮಾತ್ರೆಯಿಂದ ಏನು ತೊಂದರೆಯಾಯಿತು?" ಎಂದು ಕೇಳಿದರೆ ನಿಜಸ್ಥಿತಿ ತಿಳಿಯುವ ಸಾಧ್ಯತೆ ಹೆಚ್ಚು. ಮೇಲಿನ ಸಂದರ್ಭದಲ್ಲಿ ಬೆಳಗಿನ ಮಾತ್ರೆಯಿಂದ ಮಂಪರು ಬರುತ್ತಿತ್ತು. ಬೆರಳುಗಳು ಬಿಗಿದು ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಔಷಧ ಅವನ ಜೀವನೋಪಾಯಕ್ಕೇ ಅಡ್ಡಿಯಾಗಿತ್ತು.

ಔಷಧ ನಿಲ್ಲಿಸಿದ ಕೂಡಲೇ ರೋಗ ಮರುಕಳಿಸದಿರುವುದು ಎರಡನೆಯ ಕಾರಣ. ಹಲವು ವಾರ ಅಥವಾ ತಿಂಗಳು ಆರಾಮವಾಗಿ ಕಳೆದಾಗ "ಮಾತ್ರೆಯ ಅಗತ್ಯವೇ ಇರಲಿಲ್ಲ" ಎಂಬ ತೀರ್ಮಾನಕ್ಕೆ ಬರುವುದು ಸಹಜ. ಈ ಅಂತರವನ್ನು ರೋಗಿಗೂ ಮನೆಯವರಿಗೂ ಮುಂಚಿತವಾಗಿಯೇ ವಿವರಿಸಬೇಕು. ಇದಲ್ಲದೆ, ತನಗೆ ಕಾಯಿಲೆಯೇ ಇಲ್ಲವೆಂಬ ಭಾವನೆ ಈ ರೋಗದ ಲಕ್ಷಣಗಳಲ್ಲೊಂದು. ಅಂತಹ ರೋಗಿಯೊಡನೆ ಕಾಯಿಲೆಯ ಹೆಸರಿನ ಬಗ್ಗೆ ವಾದಿಸುವ ಬದಲು, ಅವನೇ ಒಪ್ಪುವ ತೊಂದರೆಯಿಂದ, ಉದಾಹರಣೆಗೆ ನಿದ್ರಾಹೀನತೆಯಿಂದ, ಮಾತು ಆರಂಭಿಸುವುದು ಫಲಕಾರಿ.

ಈ ಮಾಹಿತಿಯ ಆಧಾರದ ಮೇಲೆ ವೈದ್ಯರು ಪೂರ್ಣ ಪ್ರಮಾಣವನ್ನು ರಾತ್ರಿಗೆ ವರ್ಗಾಯಿಸಬಹುದು, ಪ್ರಮಾಣವನ್ನು ಬದಲಿಸಬಹುದು ಅಥವಾ ಬಿಗಿತಕ್ಕೆ ಟ್ರೈಹೆಕ್ಸಿಫೆನಿಡಿಲ್ ಸೂಚಿಸಬಹುದು. ರಾತ್ರಿ ಊಟದಂತಹ ನಿತ್ಯದ ಕೆಲಸದೊಂದಿಗೆ ಮಾತ್ರೆಯನ್ನು ಜೋಡಿಸುವುದು, ವಾರದ ಮಾತ್ರೆಗಳನ್ನು ವಿಭಾಗಗಳಿರುವ ಡಬ್ಬಿಯಲ್ಲಿಡುವುದು, ಮುಂದಿನ ಭೇಟಿಗೆ ಖಾಲಿ ಸ್ಟ್ರಿಪ್‌ಗಳನ್ನು ತರುವುದು ಶುಶ್ರೂಷಕರು ಸೂಚಿಸುವ ಕ್ರಮಗಳು. ಗುರಿಯನ್ನು ಅಳೆಯಬಹುದಾದ ರೀತಿಯಲ್ಲಿ ಬರೆಯಲಾಗುತ್ತದೆ: "ಎರಡು ವಾರಗಳ 14 ರಾತ್ರಿಗಳಲ್ಲಿ ಕನಿಷ್ಠ 13 ರಾತ್ರಿ ಮಾತ್ರೆ ಸೇವಿಸುವುದು, ಬೆರಳಿನ ಬಿಗಿತ ಕಡಿಮೆಯಾಗಿ ದಿನಕ್ಕೆ ನಾಲ್ಕು ಗಂಟೆ ಹೊಲಿಯಲು ಸಾಧ್ಯವಾಗುವುದು."

ಹಬ್ಬದ ಕಾಲದಲ್ಲಿ ತಡರಾತ್ರಿಯವರೆಗೆ ಕೆಲಸ ಮಾಡಿ ಮಾತ್ರೆ ಮತ್ತೆ ಮತ್ತೆ ತಪ್ಪುವುದಾದರೆ ದೀರ್ಘಾವಧಿ ಚುಚ್ಚುಮದ್ದನ್ನು ರೋಗಿಯ ಮುಂದಿಡಬಹುದು. ಫ್ಲುಫೆನಜಿನ್ ಡೆಕಾನೊಯೇಟ್ ಅನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ನೀಡಲಾಗುತ್ತದೆ. ಆದರೆ ಅದರಿಂದ ಬಿಗಿತ ಹೆಚ್ಚಾಗುವ ಸಾಧ್ಯತೆಯಿದೆ. ಕೈಚಳಕವೇ ಬದುಕಾದ ಈ ರೋಗಿಗೆ ಅದು ಮುಖ್ಯ ಸಂಗತಿ. ರಿಸ್ಪೆರಿಡೋನ್‌ಗೆ ಹತ್ತಿರದ ಸಂಬಂಧವಿರುವ ಪ್ಯಾಲಿಪೆರಿಡೋನ್ ಚುಚ್ಚುಮದ್ದನ್ನು ತಿಂಗಳಿಗೊಮ್ಮೆ ನೀಡಬಹುದಾದರೂ ಅದರ ಬೆಲೆ ಹೆಚ್ಚು.

## ಇಂದ್ರಿಯಭ್ರಮೆಯ ನಿರ್ವಹಣೆ

ಹೊರಗಿನ ಕಾರಣವಿಲ್ಲದೆ ಉಂಟಾಗುವ ಇಂದ್ರಿಯಾನುಭವವೇ ಇಂದ್ರಿಯಭ್ರಮೆ. ಸ್ಕಿಜೋಫ್ರೀನಿಯಾದಲ್ಲಿ ದನಿ ಕೇಳುವುದು ಅತಿ ಸಾಮಾನ್ಯ. ಒಂದೆಡೆ ಕಿವಿಗೊಟ್ಟಂತೆ ತಲೆ ಓರೆಮಾಡುವುದು, ತುಟಿ ಅಲುಗಿಸುವುದು, ಕಾರಣವಿಲ್ಲದೆ ನಗುವುದು, ಪ್ರಶ್ನೆಗೆ ತಡವಾಗಿ ಉತ್ತರಿಸುವುದು ಇದರ ಹೊರಗುರುತುಗಳು.

ರೋಗಿಗೆ ದನಿ ನಿಜವಾಗಿಯೇ ಕೇಳುತ್ತದೆ. ಆದ್ದರಿಂದ "ಎಲ್ಲ ನಿನ್ನ ಕಲ್ಪನೆ" ಎಂದು ತಳ್ಳಿಹಾಕುವುದೂ, "ನನಗೂ ಕೇಳಿಸಿತು" ಎಂದು ಒಪ್ಪುವುದೂ ಸರಿಯಲ್ಲ. "ನನಗೆ ಆ ದನಿ ಕೇಳುತ್ತಿಲ್ಲ, ಆದರೆ ನಿಮಗೆ ಕೇಳುತ್ತಿದೆ, ಅದರಿಂದ ಭಯವಾಗಿದೆ ಎಂಬುದು ಅರ್ಥವಾಗುತ್ತದೆ" ಎಂಬ ರೀತಿಯ ಉತ್ತರವು ವಾಸ್ತವವನ್ನೂ ವಿಶ್ವಾಸವನ್ನೂ ಉಳಿಸುತ್ತದೆ. ಹಿಂದಿನಿಂದ ಬಂದು ಥಟ್ಟನೆ ಮುಟ್ಟಬಾರದು.

ಅನಂತರ ದನಿ ಏನು ಹೇಳುತ್ತದೆ ಎಂದು ನೇರವಾಗಿ ಕೇಳಬೇಕು. ತನಗೆ ಅಥವಾ ಇತರರಿಗೆ ಹಾನಿ ಮಾಡುವಂತೆ ಅದು ಆಜ್ಞಾಪಿಸುತ್ತಿದ್ದರೆ ಪರಿಸ್ಥಿತಿ ತುರ್ತಿನದು. ರೋಗಿಯನ್ನು ಒಂಟಿಯಾಗಿ ಬಿಡಬಾರದು; ಕತ್ತರಿ, ಹಗ್ಗ, ಕೀಟನಾಶಕ ಮತ್ತು ಉಳಿದ ಮಾತ್ರೆಗಳನ್ನು ಕೈಗೆ ಸಿಗದಂತೆ ಇಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಲಹೆಗಾಗಿ ಟೆಲಿ-ಮನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯ.

ಅಂತಹ ಅಪಾಯವಿಲ್ಲದಿದ್ದರೆ ದನಿ ಯಾವಾಗ, ಎಲ್ಲಿ ಹೆಚ್ಚುತ್ತದೆ ಎಂಬುದನ್ನು ಒಂದು ವಾರ ಬರೆದಿಡಲಾಗುತ್ತದೆ. ಉದಾಹರಣೆಯ ರೋಗಿಗೆ ಅದು ರಾತ್ರಿ ಒಬ್ಬನೇ ಇದ್ದಾಗ ಹೆಚ್ಚಾಗಿ, ಹೊಲಿಗೆ ಯಂತ್ರ ಓಡುತ್ತಿದ್ದಾಗ ಕಡಿಮೆಯಾಗುತ್ತಿತ್ತು. ಆದ್ದರಿಂದ ಊಟದ ನಂತರ ಅಣ್ಣನೊಡನೆ ಕೂರುವುದು, ಇಯರ್‌ಫೋನ್‌ನಲ್ಲಿ ಹಾಡು ಕೇಳುವುದು, ಹಾಡು ಗುನುಗುವುದು, ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು ಯೋಜನೆಗೆ ಸೇರಿದವು. ಇವು ಔಷಧಕ್ಕೆ ಬದಲಿಯಲ್ಲ. ದನಿ ಪೂರ್ಣವಾಗಿ ನಿಲ್ಲದಿದ್ದರೂ, ಅದರ ಮಾತಿನಂತೆ ನಡೆಯದೆ ದಿನದ ಕೆಲಸ ಮುಂದುವರಿಸಲು ಸಾಧ್ಯವಾಗುವುದೇ ಇಲ್ಲಿನ ಗುರಿ.

## ಕುಟುಂಬ ಶಿಕ್ಷಣ

1950ರ ದಶಕದಲ್ಲಿ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಹೋದ್ಯೋಗಿಗಳು ಲಂಡನ್‌ನಲ್ಲಿ ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದ ಪುರುಷರನ್ನು ಅಧ್ಯಯನ ಮಾಡಿದರು. ಹೆತ್ತವರ ಅಥವಾ ಹೆಂಡತಿಯ ಮನೆಗೆ ಮರಳಿದವರು, ವಸತಿಗೃಹಗಳಲ್ಲಿ ನೆಲೆಸಿದವರಿಗಿಂತ ಹೆಚ್ಚಾಗಿ ಮತ್ತೆ ಆಸ್ಪತ್ರೆ ಸೇರಿದ್ದು ಕಂಡುಬಂತು. ಮನೆಯವರ ನಿರಂತರ ಟೀಕೆ, ಹಗೆತನ ಮತ್ತು ಅತಿಯಾದ ಭಾವನಾತ್ಮಕ ಒಳಗೊಳ್ಳುವಿಕೆ ರೋಗ ಮರುಕಳಿಕೆಗೆ ಸಂಬಂಧಿಸಿವೆ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. ಇದರರ್ಥ ಕುಟುಂಬವೇ ರೋಗಕ್ಕೆ ಕಾರಣವೆಂದಲ್ಲ. ಮನೆಯ ವಾತಾವರಣವು ರೋಗದ ಗತಿಯನ್ನು ಪ್ರಭಾವಿಸುತ್ತದೆ ಎಂದಷ್ಟೇ.

ಸ್ನಾನ ಮಾಡದಿರುವುದು, ಕೆಲಸದಲ್ಲಿ ಆಸಕ್ತಿಯಿಲ್ಲದಿರುವುದು ಸೋಮಾರಿತನವಲ್ಲ, ರೋಗಲಕ್ಷಣ ಎಂಬುದನ್ನು ಮನೆಯವರಿಗೆ ಮೊದಲು ತಿಳಿಸಲಾಗುತ್ತದೆ. ದಿನವಿಡೀ ಬೈಯುವ ಬದಲು ಒಂದು ಸಲಕ್ಕೆ ಒಂದು ಸಣ್ಣ ಕೆಲಸವನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು.

ಮಾತ್ರೆಯನ್ನು ಗುಟ್ಟಾಗಿ ಊಟದಲ್ಲಿ ಬೆರೆಸುವುದು ಹಲವು ಮನೆಗಳಲ್ಲಿ ಕಂಡುಬರುವ ರೂಢಿ. ಇದು ರೋಗಿಯ ಒಪ್ಪಿಗೆಯನ್ನು ಕಡೆಗಣಿಸುತ್ತದೆ. ಎಷ್ಟು ಔಷಧ ಹೊಟ್ಟೆ ಸೇರಿತೆಂಬುದೂ ತಿಳಿಯುವುದಿಲ್ಲ. ಗುಟ್ಟು ಹೊರಬಿದ್ದರೆ "ನನಗೆ ವಿಷ ಹಾಕುತ್ತಿದ್ದಾರೆ" ಎಂಬ ರೋಗಿಯ ಸಂಶಯಕ್ಕೆ ಮನೆಯವರೇ ಆಧಾರ ಒದಗಿಸಿದಂತಾಗುತ್ತದೆ. ಮದುವೆ ಮಾಡಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಹರಕೆ, ಪೂಜೆ ಮಾಡುವವರಿಗೆ ಅದನ್ನು ಬಿಡುವಂತೆ ಹೇಳಬೇಕಾಗಿಲ್ಲ. ಅದಕ್ಕಾಗಿ ಅಥವಾ ಉಪವಾಸದ ದಿನದಂದು ಮಾತ್ರೆ ನಿಲ್ಲಿಸಬಾರದು ಎಂದು ತಿಳಿಸಿದರೆ ಸಾಕು.

ಮರುಕಳಿಕೆಯ ಮುನ್ಸೂಚನೆಗಳನ್ನು ಪ್ರತಿ ರೋಗಿಗೂ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಇಲ್ಲಿನ ರೋಗಿಯಲ್ಲಿ ಮೊದಲು ನಿದ್ರೆ ಕೆಟ್ಟಿತು, ಅನಂತರ ಸಂಶಯ, ಕೊನೆಗೆ ದನಿ. ಹಾಗಾಗಿ ನಿದ್ರೆ ಸತತ ಮೂರು ರಾತ್ರಿ ಕೆಟ್ಟರೆ ದನಿ ಕೇಳುವವರೆಗೆ ಕಾಯದೆ ಆಸ್ಪತ್ರೆಯನ್ನು ಸಂಪರ್ಕಿಸಬೇಕೆಂದು ತಾಯಿ ಮತ್ತು ಅಣ್ಣನಿಗೆ ಬರೆದುಕೊಡಲಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಯಸ್ಕನು ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನು ಬರೆದಿಡಬಹುದು ಮತ್ತು ತನ್ನ ಪ್ರತಿನಿಧಿಯನ್ನು ನಾಮನಿರ್ದೇಶನ ಮಾಡಬಹುದು. ಚೇತರಿಸಿಕೊಂಡ ಅವಧಿಯು ಇದಕ್ಕೆ ತಕ್ಕ ಸಮಯ.

## ಮೌಲ್ಯಮಾಪನ

ನಿಗದಿತ ಭೇಟಿಗಳಲ್ಲಿ ತಪ್ಪಿದ ಮಾತ್ರೆಗಳ ಸಂಖ್ಯೆ, ನಿದ್ರೆಯ ಅವಧಿ, ದನಿಯ ತೀವ್ರತೆ, ಕೆಲಸ ಮಾಡಿದ ಗಂಟೆಗಳು, ದೇಹತೂಕ ಮತ್ತು ಅಡ್ಡಪರಿಣಾಮಗಳನ್ನು ಹಿಂದಿನ ದಾಖಲೆಯೊಂದಿಗೆ ಹೋಲಿಸಲಾಗುತ್ತದೆ. ಮಾತ್ರೆ ಸರಿಯಾಗಿ ಸೇವಿಸಿಯೂ ಸುಮಾರು ಆರು ವಾರಗಳಲ್ಲಿ ಸುಧಾರಣೆ ಕಾಣದಿದ್ದರೆ ರೋಗಿಯನ್ನಾಗಲಿ ಮನೆಯವರನ್ನಾಗಲಿ ದೂಷಿಸದೆ ಚಿಕಿತ್ಸೆಯನ್ನೇ ಮರುಪರಿಶೀಲಿಸಬೇಕಾಗುತ್ತದೆ. ಔಷಧ ತಪ್ಪಿದ್ದರಿಂದ ರೋಗ ಮರುಕಳಿಸಿತೋ, ಔಷಧವೇ ಸಾಲದಾಯಿತೋ ಎಂಬುದನ್ನು ವೈದ್ಯರು ನಿರ್ಧರಿಸಲು ಈ ದಾಖಲೆಯೇ ಆಧಾರವಾಗುತ್ತದೆ.