ಎಲ್ಲ ಸ್ವಿಚ್ ಆರಿಸಿದರೂ ಮೀಟರ್ ಓಡುತ್ತಿದ್ದರೆ

ಲೈಟು, ಫ್ಯಾನು, ಟಿವಿ ಎಲ್ಲ ಆರಿಸಿ ಹೊರಗೆ ಬಂದು ನೋಡಿದರೆ ಮೀಟರ್‌ನ ಕೆಂಪು ದೀಪ ಇನ್ನೂ ಮಿನುಗುತ್ತಿರುತ್ತದೆ. ಮೀಟರ್ ಕೆಟ್ಟಿದೆ ಎಂದೇ ಎಲ್ಲರಿಗೂ ಮೊದಲು ಅನ್ನಿಸುವುದು. ಆದರೆ ಮೀಟರ್ ತಾನಾಗಿಯೇ ಓಡುವುದು ಅಪರೂಪ. ಹೆಚ್ಚಿನ ಸಲ ಅದರೊಳಗೆ ನಿಜವಾಗಿಯೂ ಕರೆಂಟ್ ಹರಿಯುತ್ತಿರುತ್ತದೆ. ಅದು ನಮ್ಮದೇ ಮನೆಯದ್ದೋ, ನೆಲಕ್ಕೆ ಸೋರುತ್ತಿರುವುದೋ, ಪಕ್ಕದ ಮನೆಯದ್ದೋ ಎಂಬುದನ್ನು ಪತ್ತೆ ಮಾಡಬೇಕು, ಅಷ್ಟೆ.

ಮೊದಲು ಏನನ್ನು ನೋಡಬೇಕೆಂದು ತಿಳಿದಿರಲಿ. ಪರದೆಯ ಮೇಲೆ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿದ್ದರೆ ಅದು ಯೂನಿಟ್, ವೋಲ್ಟೇಜ್, ದಿನಾಂಕ ಎಂದು ಸರದಿಯಲ್ಲಿ ತೋರಿಸುತ್ತಿರುವುದು, ಖರ್ಚಲ್ಲ. ಖರ್ಚು ತಿಳಿಯುವುದು ಪಲ್ಸ್ ದೀಪದಿಂದ. ಅದರ ಹತ್ತಿರ `3200 imp/kWh` ಎಂಬಂಥ ಬರಹ ಇರುತ್ತದೆ. ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ ಎಂದು ಅರ್ಥ. ಕೆಲವು ಮೀಟರ್‌ಗಳಲ್ಲಿ ಲೋಡ್ ಇಲ್ಲದಾಗ ಈ ದೀಪ ಮಿನುಗದೆ ಒಂದೇ ಸಮ ಉರಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ.

ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡು ಎಂದು ಮೊಬೈಲ್ ಗಡಿಯಾರದಲ್ಲಿ ಎಣಿಸಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಸಿಗುತ್ತದೆ. 45 ಸೆಕೆಂಡಿಗೊಂದು ಮಿನುಗು ಅಂದರೆ 25 ವ್ಯಾಟ್, ತಿಂಗಳಿಗೆ 18 ಯೂನಿಟ್. ಸೆಟ್‌ಟಾಪ್ ಬಾಕ್ಸ್, ವೈಫೈ, ತುಂಬಿದ ಬ್ಯಾಟರಿಯ ಇನ್ವರ್ಟರ್ ಸೇರಿದರೆ ಇಷ್ಟು ಸಹಜ. 9 ಸೆಕೆಂಡಿಗೊಂದು ಮಿನುಗಿದರೆ 125 ವ್ಯಾಟ್, ತಿಂಗಳಿಗೆ 90 ಯೂನಿಟ್. ಇದನ್ನು ಹಾಗೇ ಬಿಡುವಂತಿಲ್ಲ.

ಈಗ ಮೈನ್ ಸ್ವಿಚ್ಚಿಗೆ ಬನ್ನಿ. ಗೋಡೆಯ ಸ್ವಿಚ್ಚುಗಳನ್ನಷ್ಟೇ ಆರಿಸಿದರೆ ಪ್ಲಗ್‌ನಲ್ಲೇ ಉಳಿದ ಸಣ್ಣಪುಟ್ಟ ಲೋಡ್‌ಗಳು ಲೆಕ್ಕ ತಪ್ಪಿಸುತ್ತವೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಮೈನ್ ಇದ್ದರೆ ಅದನ್ನು ಆರಿಸಿ ಐದು ಹತ್ತು ನಿಮಿಷ ಕಾಯಿರಿ. ಆಗಲೂ ದೀಪ ಮಿನುಗುತ್ತಿದ್ದರೆ ತೊಂದರೆ ಮೀಟರ್‌ನಲ್ಲಿದೆ, ಇಲ್ಲವೇ ಮೀಟರ್‌ನಿಂದ ಮೈನ್‌ವರೆಗಿನ ವೈರಿನಲ್ಲಿದೆ. ಆ ವೈರಿಗೆ ಯಾರಾದರೂ ಬೇರೆ ಲೈನ್ ಸೇರಿಸಿರಲೂಬಹುದು. ಮಿನುಗು ನಿಂತರೆ ಕಾರಣ ಮೈನ್‌ನ ಈಚೆಗಿದೆ, ಮನೆಯೊಳಗೆ.

ಹಳೆಯ ತಟ್ಟೆಯ ಮೀಟರ್‌ಗೂ ಇದೇ ಪರೀಕ್ಷೆ. ತಟ್ಟೆಯ ಅಂಚಿನಲ್ಲಿರುವ ಕಪ್ಪು ಗುರುತನ್ನು ನೋಡುತ್ತಿರಿ. ಲೋಡ್ ಇಲ್ಲದಾಗ ತಟ್ಟೆ ನಿಲ್ಲಲೆಂದೇ ಅದರಲ್ಲಿ ಎರಡು ರಂಧ್ರ ಕೊರೆದಿರುತ್ತಾರೆ. ಹಾಗಾಗಿ ಸ್ವಲ್ಪ ದೂರ ಸರಿದು ನಿಂತರೆ ಮೀಟರ್ ಸರಿಯಿದೆ. ಮೈನ್ ಆರಿಸಿದ ಮೇಲೂ ಗುರುತು ಒಂದು ಸುತ್ತು ಮುಗಿಸಿ ಮತ್ತೆ ಹೊರಟರೆ, ಮತ್ತು ಮೈನ್‌ವರೆಗಿನ ವೈರಿನಲ್ಲಿ ಸೋರಿಕೆ ಇಲ್ಲವೆಂದಾದರೆ, ತಟ್ಟೆ ತಾನೇ ತೆವಳುತ್ತಿದೆ. ಘರ್ಷಣೆಯನ್ನು ಸರಿದೂಗಿಸುವ ಹೊಂದಾಣಿಕೆ ಹೆಚ್ಚಾಗಿದ್ದರೆ, ವೋಲ್ಟೇಜ್ ತೀರಾ ಏರಿದ್ದರೆ ಹೀಗಾಗುತ್ತದೆ.

ಹೊಸ ಮೀಟರ್‌ಗಳಲ್ಲಿ ಜನರನ್ನು ನಿಜವಾಗಿ ಕಂಗೆಡಿಸುವುದು ನ್ಯೂಟ್ರಲ್. ಮನೆಗಳಲ್ಲಿದ್ದ ಸಾಮಾನ್ಯ ತಟ್ಟೆಯ ಮೀಟರ್ ಫೇಸ್ ವೈರಿನ ಕರೆಂಟನ್ನಷ್ಟೇ ಅಳೆಯುತ್ತಿತ್ತು. ಕಳವು ತಡೆಯಲೆಂದು ನಮ್ಮ ದೇಶದ ಈಗಿನ ಸಿಂಗಲ್ ಫೇಸ್ ಮೀಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅಳೆದು, ಯಾವುದರಲ್ಲಿ ಹೆಚ್ಚು ಹರಿಯುತ್ತದೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಎರಡರಲ್ಲಿ ವ್ಯತ್ಯಾಸ ಕಂಡರೆ ಹಲವು ಮೀಟರ್‌ಗಳಲ್ಲಿ `EL` ಎಂಬ ದೀಪ ಉರಿಯುತ್ತದೆ. ಹೊಸ ಮೀಟರ್ ಹಾಕಿದ ಮೇಲೆ ಬಿಲ್ ಏರಿತು ಎಂಬ ದೂರಿನಲ್ಲಿ ಎಷ್ಟೋ ಸಲ ನಿಜವಿರುವುದು ಇಲ್ಲೇ. ವೈರಿಂಗ್‌ನ ಹಳೆಯ ತಪ್ಪು ಈಗ ಬಿಲ್ಲಿಗೆ ಬರುತ್ತಿದೆ.

ಒಂದು ಉದಾಹರಣೆ ನೋಡೋಣ. ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು, ಎರಡು ಬೇರೆ ಮೀಟರ್. ಮೆಟ್ಟಿಲಿನ ಲೈಟಿಗೆ ಎರಡೂ ಕಡೆಯಿಂದ ವೈರ್ ಎಳೆದವರು ಜಂಕ್ಷನ್ ಬಾಕ್ಸಿನಲ್ಲಿ ಎರಡು ಮನೆಯ ಕಪ್ಪು ವೈರುಗಳನ್ನು ಒಂದೇ ಗಂಟಾಗಿ ತಿರುಚಿ ಟೇಪ್ ಸುತ್ತಿದ್ದಾರೆ. ಲೈಟ್ ಉರಿಯುತ್ತದೆ, ಮೇಲ್ನೋಟಕ್ಕೆ ಯಾವ ದೋಷವೂ ಕಾಣುವುದಿಲ್ಲ. ಬೆಳಿಗ್ಗೆ ಕೆಳಗಿನವರು 2000 ವ್ಯಾಟಿನ ಗೀಸರ್ ಹಾಕುತ್ತಾರೆ. ಕರೆಂಟ್ ಅವರ ಫೇಸ್‌ನಿಂದಲೇ ಬರುತ್ತದೆ. ಆದರೆ ಹಿಂತಿರುಗುವಾಗ ಅದಕ್ಕೆ ಎರಡು ನ್ಯೂಟ್ರಲ್ ದಾರಿ ಸಿಕ್ಕಿ ಹೆಚ್ಚುಕಡಿಮೆ ಅರ್ಧ ಮೇಲಿನ ಮನೆಯ ಮೀಟರ್ ಮೂಲಕ ಹೋಗುತ್ತದೆ. ಮೇಲಿನವರು ಊರಲ್ಲೇ ಇಲ್ಲದಿದ್ದರೂ ಅವರ ಮೀಟರ್ 1000 ವ್ಯಾಟ್ ಲೆಕ್ಕ ಹಾಕುತ್ತದೆ, ದೀಪ ಸೆಕೆಂಡಿಗೊಂದರಂತೆ ಮಿನುಗುತ್ತದೆ. ಕೆಳಗಿನವರಿಗೆ ಇದರಿಂದ ಲಾಭವೂ ಇಲ್ಲ, ಅವರ ಮೀಟರ್ ಫೇಸ್ ನೋಡಿ ಪೂರ್ತಿ 2000 ವ್ಯಾಟನ್ನೇ ಬರೆದುಕೊಳ್ಳುತ್ತದೆ. ಗೀಸರ್ ಒಂದು ಗಂಟೆ ಉರಿದರೆ ಖರ್ಚಾದದ್ದು ಎರಡು ಯೂನಿಟ್, ಎರಡು ಮನೆಯಿಂದ ಬಿಲ್ ಆಗುವುದು ಮೂರು.

ಇದನ್ನು ಹಿಡಿಯುವುದು ಸುಲಭ. ಮೇಲಿನ ಮನೆಯ ಲೋಡ್‌ಗಳನ್ನೆಲ್ಲ ಆರಿಸಿ, ಪ್ಲಗ್ ಕಿತ್ತು, ಡಬಲ್ ಪೋಲ್ ಮೈನ್ ಮಾತ್ರ ಹಾಕಿಟ್ಟು ಒಬ್ಬರು ಮೀಟರ್ ಮುಂದೆ ನಿಲ್ಲಲಿ. ಕೆಳಗಿನವರು ಗೀಸರ್ ಹಾಕಿ, ಆರಿಸಿ, ಮತ್ತೆ ಹಾಕಲಿ. ಮಿನುಗು ಅದಕ್ಕೆ ತಕ್ಕಂತೆ ಏರಿಳಿದು `EL` ಕೂಡ ಹತ್ತಿದರೆ ನ್ಯೂಟ್ರಲ್ ಕೂಡಿಕೊಂಡಿದೆ ಎಂದು ಖಚಿತ. ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ಅದು ಇಂಥ ಹೊತ್ತಿನಲ್ಲಿ ಟ್ರಿಪ್ ಆಗುತ್ತದೆ. ಪದೇಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸಿಕೊಂಡವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವ ಉಳಿಸುವ ಸಾಧನ.

ಪಕ್ಕದ ಮನೆಯ ಲೋಡಿಗೆ ಸಂಬಂಧವಿಲ್ಲದೆ `EL` ಉರಿಯುತ್ತಿದ್ದರೆ ನಿಮ್ಮದೇ ಮನೆಯಲ್ಲಿ ಸೋರಿಕೆ ಇದೆ. ಎಂಸಿಬಿಗಳನ್ನು ಒಂದೊಂದಾಗಿ ಆರಿಸುತ್ತ ಬನ್ನಿ. ಯಾವುದನ್ನು ಆರಿಸಿದಾಗ ಮಿನುಗು ನಿಲ್ಲುತ್ತದೋ ಆ ಲೈನ್‌ನಲ್ಲಿ ಫೇಸ್ ಸೋರುತ್ತಿದೆ. ಗೀಸರ್ ಕಾಯಿಲ್, ಸಂಪಿನ ಮೋಟರ್, ಒದ್ದೆ ಗೋಡೆಯೊಳಗಿನ ವೈರು ಮೊದಲ ಅನುಮಾನಕ್ಕೆ ಬರುವಂಥವು. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ಮೇಲೆ ಕೂರಿಸಿದ್ದರೆ ಗೀಸರ್ ಆರಿಸಿದ ಮೇಲೂ ಅದರ ಕಾಯಿಲ್‌ಗೆ ಕರೆಂಟ್ ತಲುಪುತ್ತಲೇ ಇರುತ್ತದೆ. ಎಲ್ಲ ಎಂಸಿಬಿ ಆರಿಸಿದರೂ ಮಿನುಗು ಇದ್ದು, ಡಬಲ್ ಪೋಲ್ ಮೈನ್ ಆರಿಸಿದಾಗಷ್ಟೇ ನಿಂತರೆ ನ್ಯೂಟ್ರಲ್ ಎಲ್ಲೋ ಅರ್ಥಿಂಗ್‌ಗೆ ತಾಗಿದೆ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನಷ್ಟೇ ಕಡಿಯುವುದರಿಂದ ಈ ದಾರಿ ತೆರೆದೇ ಇರುತ್ತದೆ.

ಇದರ ಮುಂದಿನದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಅವರು 500 ವೋಲ್ಟ್ ಮೆಗ್ಗರ್‌ನಿಂದ ಒಂದೊಂದು ಲೈನನ್ನೂ ಪರೀಕ್ಷಿಸಿ ಸೋರುವ ಜಾಗ ಹುಡುಕುತ್ತಾರೆ. ಕೂಡಿಕೊಂಡ ನ್ಯೂಟ್ರಲ್ ಬಿಡಿಸುವಾಗ ಎರಡೂ ಮನೆಯ ಮೈನ್ ಆರಿಸಲೇಬೇಕು. ನಿಮ್ಮ ಮೈನ್ ಆರಿಸಿದ್ದರೂ ಆ ಗಂಟಿನಲ್ಲಿ ಪಕ್ಕದ ಮನೆಯ ಕರೆಂಟ್ ಇರುತ್ತದೆ, ಬಿಚ್ಚಿದ ಕ್ಷಣ ಶಾಕ್ ಹೊಡೆಯಬಹುದು.

ಮೈನ್ ಆರಿಸಿದ ಮೇಲೂ ಮೀಟರ್ ಓಡುತ್ತಿದ್ದರೆ ಅದರ ಸೀಲ್ ಮುಟ್ಟದೆ ದೂರು ಕೊಡಿ. ಮಿನುಗುವುದನ್ನು ಮೈನ್ ಸ್ವಿಚ್ ಸಮೇತ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ರೀಡಿಂಗ್ ಬರೆದಿಟ್ಟುಕೊಂಡು 1912ಕ್ಕೆ ಕರೆ ಮಾಡಿ, ಉಪವಿಭಾಗದ ಕಚೇರಿಗೆ ಲಿಖಿತವಾಗಿಯೂ ಸಲ್ಲಿಸಿ. ಪರೀಕ್ಷೆಗೆ ಬಂದವರಿಗೆ ಮೈನ್ ಆರಿಸಿಯೇ ತೋರಿಸಿ.