ಚರ್ಚೆ ಆಯಿತು, ತೀರ್ಮಾನ ಏನಾಯಿತು?

‘ಅರ್ಧವಾರ್ಷಿಕ ಪರೀಕ್ಷೆಯ ಕರ್ತವ್ಯ ಹಂಚಿಕೆ ಕುರಿತು ಚರ್ಚಿಸಲಾಯಿತು.’ ಅನೇಕ ಪ್ರೌಢಶಾಲೆಗಳ ನಡಾವಳಿ ಪುಸ್ತಕದಲ್ಲಿ ಸಿಗುವುದು ಇಷ್ಟೇ. ಪರೀಕ್ಷೆಯ ದಿನ ಒಂದು ಕೊಠಡಿಗೆ ಮೇಲ್ವಿಚಾರಕರೇ ಬಾರದಿದ್ದರೆ, ಯಾರಿಗೆ ಏನು ಹೇಳಲಾಗಿತ್ತು ಎಂಬುದಕ್ಕೆ ಈ ಸಾಲಿನಲ್ಲಿ ಉತ್ತರವಿಲ್ಲ.

ತೀರ್ಮಾನ ಬೇರೆ, ಮಾಡಬೇಕಾದ ಕೆಲಸ ಬೇರೆ. 240 ಮಕ್ಕಳ ಶಾಲೆಯೊಂದನ್ನು ಊಹಿಸಿಕೊಳ್ಳಿ. ಅಲ್ಲಿನ ತೀರ್ಮಾನ ಹೀಗಿರಬಹುದು: ‘ಕೊಠಡಿಗೆ 24 ಮಕ್ಕಳಂತೆ 10 ಕೊಠಡಿ, ದಿನಕ್ಕೆ 10 ಮೇಲ್ವಿಚಾರಕರು, ಇಬ್ಬರು ಬದಲಿ ಶಿಕ್ಷಕರು. ಆಯಾ ವಿಷಯದ ಶಿಕ್ಷಕರಿಗೆ ಆ ದಿನ ಕೊಠಡಿ ಕರ್ತವ್ಯವಿಲ್ಲ.’ ಅದರಿಂದ ಹುಟ್ಟುವ ಕೆಲಸಕ್ಕೆ ಹೆಸರು, ಗಡುವು ಎರಡೂ ಬೇಕು: ‘ಹಿರಿಯ ಗಣಿತ ಶಿಕ್ಷಕರು ಕರ್ತವ್ಯ ಪಟ್ಟಿಯನ್ನು ಶುಕ್ರವಾರ ಸಂಜೆ 4ರೊಳಗೆ ಸೂಚನಾ ಫಲಕಕ್ಕೆ ಹಾಕಿ, ಎಲ್ಲರ ಸಹಿ ಪಡೆಯುವುದು.’

‘ಸಂಬಂಧಪಟ್ಟವರು ಕ್ರಮ ವಹಿಸುವುದು’ ಎಂಬ ಸಾಲು ಕಂಡರೆ ಎಚ್ಚರ. ಕೆಲಸ ಯಾರದೂ ಅಲ್ಲ ಎಂದೇ ಅರ್ಥ.

ಸಭೆಯ ನಂತರ ಇಬ್ಬರು ಕರ್ತವ್ಯ ಅದಲುಬದಲು ಮಾಡಿಕೊಂಡರೆ ಹಳೆಯ ನಮೂದನ್ನು ತಿದ್ದಬಾರದು. ಮುಖ್ಯಶಿಕ್ಷಕರ ಒಪ್ಪಿಗೆಯೊಂದಿಗೆ ದಿನಾಂಕ ಹಾಕಿ ಪ್ರತ್ಯೇಕವಾಗಿ ಬರೆಯಬೇಕು. ಮುಂದಿನ ಸಭೆ ಶುರುವಾಗಬೇಕಾದದ್ದು ಇದೇ ಪಟ್ಟಿಯಲ್ಲಿ ಮುಗಿದದ್ದು, ಉಳಿದದ್ದು ಯಾವುದೆಂದು ಗುರುತಿಸುವುದರಿಂದ.